ತಿಂದಷ್ಟೂ ಸೊರಗುವ ಶೆಫರ್ಡ್

“ನಮ್ಮ ಜರ್ಮನ್ ಶೆಫರ್ಡ್‌ಗೆ ಎರಡು ವರ್ಷ. ಎಷ್ಟು ಹಾಕಿದರೂ ಹಸಿವು, ಆದರೂ ಪಕ್ಕೆಲುಬು ಕಾಣ್ತಿದೆ. ಜಂತುಹುಳಕ್ಕೆ ಎರಡು ಸಲ ಔಷಧಿ ಕೊಟ್ಟಾಯ್ತು. ಇನ್ನೇನಿರಬಹುದು?”

ಮಲ ರಾಶಿಗಟ್ಟಲೆ, ಮೆತ್ತಗೆ, ಜಿಡ್ಡುಜಿಡ್ಡಾಗಿ ಬರುತ್ತಿದೆಯಾ? ಹಾಗಿದ್ದರೆ ಮೇದೋಜೀರಕ ಗ್ರಂಥಿಯ ಮೇಲೆ ನನ್ನ ಅನುಮಾನ. ಈ ತಳಿಯಲ್ಲಿ ಜೀರ್ಣರಸ ಮಾಡುವ ಕೋಶಗಳು ಚಿಕ್ಕ ವಯಸ್ಸಿನಲ್ಲೇ ನಶಿಸುವುದುಂಟು. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ.

ಡಾಕ್ಟರ ಹತ್ತಿರ ಮೇದೋಜೀರಕದ ಕೆಲಸ ಅಳೆಯುವ ಟಿಎಲ್ಐ ರಕ್ತಪರೀಕ್ಷೆ ಕೇಳಿ. ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಎಂಜೈಮ್‌ಗಳ ಮಟ್ಟ ನೋಡಿ ಇದನ್ನು ಹೇಳಲಾಗದು. ಎಂಟರಿಂದ ಹನ್ನೆರಡು ಗಂಟೆ ಉಪವಾಸವಿಟ್ಟು ರಕ್ತ ಕೊಡಿಸಿ. ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕಾಯಿಲೆ ಖಚಿತ. 2.5ರಿಂದ 5.7ರ ನಡುವೆ ಬಂದರೆ ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಅದೇ ರಕ್ತದಲ್ಲಿ ಬಿ12 ಕೂಡ ನೋಡಿಸಿ. ಅದು ಕಡಿಮೆಯಿದ್ದರೆ ಎಂಜೈಮ್ ಕೊಟ್ಟರೂ ತೂಕ ಏರುವುದು ಕಷ್ಟ.

ಖಚಿತವಾದರೆ ಪ್ರತಿ ಊಟಕ್ಕೂ ಪ್ಯಾಂಕ್ರಿಯಾಟಿನ್ ಎಂಬ ಜೀರ್ಣಕಾರಿ ಎಂಜೈಮ್ ಪುಡಿ ಬೇಕು, ಅದೂ ಜೀವನಪೂರ್ತಿ. ಸಾಮಾನ್ಯವಾಗಿ 10 ಕೆಜಿ ತೂಕಕ್ಕೆ ಒಂದು ಟೀ ಚಮಚದಿಂದ ಶುರು. ನಿಮ್ಮದು 24 ಕೆಜಿ ಅಂದುಕೊಳ್ಳಿ, ಊಟಕ್ಕೆ ಸುಮಾರು ಎರಡೂವರೆ ಚಮಚ. ಮಲ ಗಟ್ಟಿಯಾಗಿ ತೂಕ ಬಂದಮೇಲೆ ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬಹುದು. ಇದೇ ಎಂಜೈಮಿನ ಹೊರಪದರವಿರುವ ಮಾತ್ರೆ ಎಷ್ಟೋ ನಾಯಿಗಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಣ ಪುಡಿ ಬಾಯಿ ಸುಡುತ್ತದೆ, ನೀರು ಹಾಕಿ ಅನ್ನದಲ್ಲಿ ಚೆನ್ನಾಗಿ ಕಲಸಿ. ಒಸಡಲ್ಲಿ ರಕ್ತ ಕಂಡರೆ ಡೋಸ್ ಜಾಸ್ತಿಯಾಗಿದೆ ಅಂತ.