ರೆಸ್ಯೂಮೆ ಹೊಂದಲ್ಲ ಎಂದ ರಿಕ್ರೂಟರ್‌ಗೆ ಏನು ಬರೆಯಬೇಕು?

"ಜಿಎಸ್‌ಟಿ ಅನುಭವ ಕಾಣ್ತಿಲ್ಲ, ನಿಮ್ಮ ರೆಸ್ಯೂಮೆ ಈ ಅಕೌಂಟ್ಸ್ ಕೆಲಸಕ್ಕೆ ಹೊಂದಲ್ಲ ಅಂತ ಮೇಲ್ ಬಂದಿದೆ. ಆ ಕೆಲಸ ನಾನು ಮಾಡ್ತಿದ್ದೇನೆ. ಮತ್ತೆ ನೋಡಿ ಅಂತ ಹೇಗೆ ಕೇಳಲಿ?"

ಅದೇ ಮೇಲ್‌ಗೆ ರಿಪ್ಲೈ ಮಾಡಿ. ಅವರು ಹೇಳಿದ ಕೊರತೆಗೆ ಮಾತ್ರ ಉತ್ತರ ಕೊಡಿ, ಜಾಸ್ತಿ ಬೇಡ:

"ನಮಸ್ಕಾರ ಮೇಡಂ, ಕಾರಣ ತಿಳಿಸಿದ್ದಕ್ಕೆ ಧನ್ಯವಾದ. ರೆಸ್ಯೂಮೆಯಲ್ಲಿ 'ಅಕೌಂಟ್ಸ್ ನಿರ್ವಹಣೆ' ಎಂದಷ್ಟೇ ಇತ್ತು. ಪ್ರತಿ ತಿಂಗಳು ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, 3ಬಿ ಸಲ್ಲಿಸುವುದು ನಾನೇ. ತಿದ್ದಿದ ರೆಸ್ಯೂಮೆ, ಕಾಲ್ಪನಿಕ ಅಂಕಿಗಳ ಮಾದರಿ ತಾಳೆಪಟ್ಟಿ ಲಗತ್ತಿಸಿದ್ದೇನೆ. ಇನ್ನೊಮ್ಮೆ ಪರಿಶೀಲಿಸಲು ಸಾಧ್ಯವೇ?"

ಪಟ್ಟಿಯಲ್ಲಿ ಕಂಪನಿಯ ನಿಜವಾದ ಬಿಲ್ ಹಾಕಲೇಬೇಡಿ. ಅದು ಗುಟ್ಟು ಹೊರಗೆ ಬಿಟ್ಟಂತೆ, ಇದ್ದ ನಂಬಿಕೆಯೂ ಹೋಗುತ್ತದೆ. ಬದಲಿಗೆ, ಸಪ್ಲೈಯರ್ ತಡವಾಗಿ ರಿಟರ್ನ್ ಹಾಕಿದ್ದರಿಂದ 2ಬಿಯಲ್ಲಿ ಬಾರದ ಒಂದು ಬಿಲ್ಲನ್ನು ಹೇಗೆ ಹಿಡಿಯುತ್ತೀರಿ ಅಂತ ತೋರಿಸಿ.