ಸಮ ಗಾತ್ರ ಬೆರೆಸಿದರೆ ಸಮ ಮೋಲ್ ಆಗುವುದಿಲ್ಲ

"ಮೋಲ್ ಭಿನ್ನರಾಶಿಯ ಬಗ್ಗೆ ಬರೆದ ಲೇಖನ ಕಳಿಸಿದ್ದೇನೆ. 50 ಮಿ.ಲೀ. ಎಥನಾಲ್‌ಗೆ 50 ಮಿ.ಲೀ. ನೀರು ಬೆರೆಸಿದರೆ ಎರಡರ ಮೋಲ್ ಭಿನ್ನರಾಶಿಯೂ 0.5 ಎಂಬ ಉದಾಹರಣೆ ಕೊಟ್ಟಿದ್ದೇನೆ. ಪ್ರಕಟಿಸಬಹುದೇ ಸರ್?"

ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ವ್ಯಾಖ್ಯೆ ಸರಿಯಾಗಿದೆ: ಒಂದು ಘಟಕದ ಮೋಲ್‌ಗಳನ್ನು ಒಟ್ಟು ಮೋಲ್‌ಗಳಿಂದ ಭಾಗಿಸಬೇಕು. ಆದರೆ ಉದಾಹರಣೆಯಲ್ಲಿ ನೀವು ಭಾಗಿಸಿರುವುದು ಮಿಲಿಲೀಟರ್‌ಗಳನ್ನು. ಗಾತ್ರದಿಂದ ಮೋಲ್‌ಗೆ ಹೋಗಬೇಕಾದರೆ ನಡುವೆ ತೂಕವನ್ನು ಹಾಯ್ದೇ ಹೋಗಬೇಕು.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಥನಾಲ್‌ನ ಸಾಂದ್ರತೆ ಮಿ.ಲೀ.ಗೆ 0.789 ಗ್ರಾಂ. ಹಾಗಾಗಿ 50 ಮಿ.ಲೀ. ಎಂದರೆ 39.45 ಗ್ರಾಂ. ಅದನ್ನು ಮೋಲಾರ್ ರಾಶಿ 46.07ರಿಂದ ಭಾಗಿಸಿದರೆ 0.856 ಮೋಲ್. ನೀರಿನ ಸಾಂದ್ರತೆ 0.998, 50 ಮಿ.ಲೀ. ನೀರು 49.9 ಗ್ರಾಂ ತೂಗುತ್ತದೆ, 18.015ರಿಂದ ಭಾಗಿಸಿದರೆ 2.770 ಮೋಲ್. ಒಟ್ಟು 3.626 ಮೋಲ್.

ಎಥನಾಲ್: 0.856 ÷ 3.626 = 0.236
ನೀರು: 2.770 ÷ 3.626 = 0.764

ಎಥನಾಲ್‌ನದು ನೀವು ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ! ನೀರಿನ ಅಣು ಹಗುರ. ಅಷ್ಟೇ ಗಾತ್ರದಲ್ಲಿ ಎಥನಾಲ್‌ನ ಮೂರು ಪಟ್ಟಿಗೂ ಹೆಚ್ಚು ಅಣುಗಳು ಹಿಡಿಸುತ್ತವೆ. ನಿಜಕ್ಕೂ 0.5 ಬೇಕೆಂದರೆ 18 ಮಿ.ಲೀ. ನೀರಿಗೆ ಸುಮಾರು 58 ಮಿ.ಲೀ. ಎಥನಾಲ್ ಬೆರೆಸಬೇಕು. ಈ ಹೋಲಿಕೆಯನ್ನು ಲೇಖನದಲ್ಲಿ ಹಾಕಿ, ಓದುಗರಿಗೆ ಇದು ಸೂತ್ರಕ್ಕಿಂತ ಬೇಗ ಅರ್ಥವಾಗುತ್ತದೆ.

"ಎರಡೂ ಭಿನ್ನರಾಶಿಗಳ ಮೊತ್ತ 1 ಬಂದರೆ ಲೆಕ್ಕ ಸರಿ" ಎಂಬ ನಿಮ್ಮ ಸಾಲನ್ನು ತೆಗೆದುಬಿಡಿ. ನಿಮ್ಮ ತಪ್ಪು ಉತ್ತರದ ಮೊತ್ತವೂ 1 ಆಗಿತ್ತಲ್ಲ. ಗಟ್ಟಿ ಪರೀಕ್ಷೆ ಎಂದರೆ ಉತ್ತರದಿಂದ ತೂಕಕ್ಕೆ ಹಿಂದಿರುಗುವುದು. 0.236 × 46.07 = 10.87, 0.764 × 18.015 = 13.76. ಇವುಗಳಲ್ಲಿ ಎಥನಾಲ್‌ನ ಪಾಲು ಶೇ. 44.1. ಮೂಲ ತೂಕಗಳಿಂದ, ಅಂದರೆ 39.45ನ್ನು 89.35ರಿಂದ ಭಾಗಿಸಿದರೆ, ಶೇ. 44.2. ದಶಮಾಂಶ ಕತ್ತರಿಸಿದ್ದರಿಂದ ಬಂದ ಅಷ್ಟು ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮ್ಮ 0.5 ಅನ್ನು ಇದೇ ದಾರಿಯಲ್ಲಿ ಹಿಂದಕ್ಕೆ ಒಯ್ದರೆ ಎಥನಾಲ್ ಶೇ. 72 ತೂಗಬೇಕಾಗುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

"ಒಟ್ಟು 100 ಮಿ.ಲೀ. ದ್ರಾವಣ" ಎಂದೂ ಬರೆದಿದ್ದೀರಿ. ಬೆರೆಸಿದ ಮೇಲೆ ಉಳಿಯುವುದು 96ರಿಂದ 97 ಮಿ.ಲೀ. ಮಾತ್ರ, ಏಕೆಂದರೆ ಎರಡು ಬಗೆಯ ಅಣುಗಳು ಬೇರೆ ಬೇರೆ ಇದ್ದಾಗಿನದಕ್ಕಿಂತ ಒತ್ತಾಗಿ ಸೇರಿಕೊಳ್ಳುತ್ತವೆ. ಇದರಿಂದ ಮೋಲ್ ಭಿನ್ನರಾಶಿ ಕೆಡುವುದಿಲ್ಲ. ತೂಕವೂ ಮೋಲ್‌ಗಳೂ ಕುಗ್ಗುವುದಿಲ್ಲ. ದ್ರಾವಣದ ಗಾತ್ರದಿಂದ ಭಾಗಿಸುವ ಮೊಲಾರಿಟಿಯನ್ನು ಲೆಕ್ಕ ಹಾಕಿದರೆ ಮಾತ್ರ ಪೆಟ್ಟು ಬೀಳುತ್ತದೆ. ಆದ್ದರಿಂದ ಗಾತ್ರವನ್ನು ಬೆರೆಸುವ ಮೊದಲೇ, ಒಂದೇ ಉಷ್ಣತೆಯಲ್ಲಿ ಅಳೆಯಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಬಳಸಿದ್ದು ಶುದ್ಧ ಎಥನಾಲ್ ಎಂಬುದನ್ನೂ ನಮೂದಿಸಿ. ಬಾಟಲಿಯಲ್ಲಿರುವುದು ಗಾತ್ರದಲ್ಲಿ ಶೇ. 96ರದ್ದಾದರೆ ಅದರೊಳಗಿನ ನೀರೂ ಲೆಕ್ಕಕ್ಕೆ ಬರುತ್ತದೆ, ಉತ್ತರ 0.22ಕ್ಕೆ ಇಳಿಯುತ್ತದೆ.