ಎಂಟರಲ್ಲಿ ಶೇ. 10 ಅಂದರೆ ಎಷ್ಟು ಜನ?

"ನಮ್ಮ ಟೀಮಿನ 8 ಜನರೂ ಟಾರ್ಗೆಟ್ ಮುಟ್ಟಿದ್ದೇವೆ. ಆದರೂ ಶೇ. 10 ಜನರಿಗೆ ಕೆಳಗಿನ ರೇಟಿಂಗ್ ಕೊಡಬೇಕೆಂಬ ಕೋಟಾ ಇದೆ, ಹಾಗಾಗಿ ನಮ್ಮಲ್ಲೂ ಒಬ್ಬರಿಗೆ ಕೊಡಲೇಬೇಕಂತೆ. ಏನು ಮಾಡೋದು?"

ನೂರು ಜನರಲ್ಲಿ ಹತ್ತು ಮಂದಿ ಹಿಂದೆ ಬಿದ್ದಿರಬಹುದು. ಆದರೆ ಅವರು ಎಲ್ಲ ಟೀಮುಗಳಿಗೂ ಸಮನಾಗಿ ಹಂಚಿಹೋಗಿರುವುದಿಲ್ಲ ಅಲ್ವಾ? ಎಂಟರಲ್ಲಿ ಶೇ. 10 ಅಂದರೆ 0.8. ಅದನ್ನು ಸುಮ್ನೆ ಒಬ್ಬರು ಅಂತ ಮಾಡುತ್ತಾರೆ.

ನನ್ನ ಹಳೇ ಆಫೀಸಿನಲ್ಲಿ, ಹೊಸಬರಿಗೆ ಕಲಿಸುತ್ತಾ ಕೂತಿದ್ದ ಸೀನಿಯರ್‌ಗೇ ಕೆಳಗಿನ ರೇಟಿಂಗ್ ಬಂತು. ಆ ಕೆಲಸ ಯಾವ ಟಿಕೆಟ್‌ನಲ್ಲೂ ಕಾಣುತ್ತಿರಲಿಲ್ಲ. ಮರುವರ್ಷ ಇನ್ನೊಬ್ಬರ ಕೋಡ್ ನೋಡಿಕೊಡಲು ಯಾರೂ ತಯಾರಿರಲಿಲ್ಲ. ಮೈಕ್ರೋಸಾಫ್ಟ್ ಕೂಡ 2013ರಲ್ಲಿ ಈ ಪದ್ಧತಿ ಬಿಟ್ಟಿತು.

ಈ ಕೋಟಾ ಟೀಮಿಗೋ, ಇಡೀ ವಿಭಾಗಕ್ಕೋ ಅಂತ ಎಚ್‌ಆರ್‌ಗೆ ಮೇಲ್‌ನಲ್ಲೇ ಕೇಳಿ. ವಿಭಾಗಕ್ಕೆ ಅಂದರೆ, ನಿಮ್ಮಲ್ಲಿ ಯಾರನ್ನೂ ಕೆಳಗಿಳಿಸದೆ ವಾದಿಸಲು ಮ್ಯಾನೇಜರ್‌ಗೆ ಜಾಗ ಇದೆ.